ಕಲ್ಯಾಣಿಯ ನೀರು, ಎರಡು ಮಡಿಕೆ ಪಂಚೆ: ನಾರುಹುಣ್ಣಿನ ದಾರಿ ಕಡಿದ ಬಗೆ (ನನ್ನ ಅನುಭವ)

ಪಾವಗಡ, ಮಧುಗಿರಿ ಕಡೆಯ ಹಳೇ ಕಲ್ಯಾಣಿಯಿಂದ ಒಂದು ಬಕೆಟ್ ನೀರು ತಂದರೆ ನಾರುಹುಣ್ಣಿನ ಅರ್ಧ ಕಥೆ ಬರಿಗಣ್ಣಿಗೇ ಕಾಣುತ್ತದೆ. ಉಳಿದರ್ಧ, ಅಂದರೆ ಕುಡಿಯುವ ನೀರಿನಿಂದ ಮೈ ಸೇರಿ ಕಾಲಿನ ಹುಣ್ಣಿನಿಂದ ಹೊರಬರುವ ಹುಳು, ಈಗ ನಮ್ಮ ದೇಶದಲ್ಲಿಲ್ಲ. ಕೊನೆಯ ರೋಗಿ ಸಿಕ್ಕಿದ್ದು 1996ರ ಜುಲೈನಲ್ಲಿ, ರಾಜಸ್ಥಾನದಲ್ಲಿ. ಹುಳು ಇಲ್ಲದ ಕಾರಣಕ್ಕೇ ಅದರ ವಾಹಕವಾದ ಸೈಕ್ಲಾಪ್ಸ್ ಎಂಬ ನೀರಿನ ಪುಟ್ಟ ಜೀವಿಯನ್ನು ಧೈರ್ಯವಾಗಿ ಹಿಡಿದು, ಬಟ್ಟೆಯಲ್ಲಿ ಸೋಸಿ, ಲೆಕ್ಕ ಹಾಕಿ ನೋಡಬಹುದು. ತುಮಕೂರು ಜಿಲ್ಲೆಯ ಆರೋಗ್ಯ ಕಾರ್ಯಕರ್ತರಿಗೂ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳಿಗೂ ನಾನು ಮಾಡಿಸುವ ಪ್ರಯೋಗ ಇದು. ಲಸಿಕೆ ಇಲ್ಲ, ಒಳಗಿರುವ ಹುಳುವನ್ನು ಕೊಲ್ಲುವ ಮಾತ್ರೆಯೂ ಇಲ್ಲ. ಆದರೂ ಈ ರೋಗ ಹೇಗೆ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಆ ಬಕೆಟ್ಟಿನಲ್ಲೇ ಇದೆ.

ನೀರು ತರುವುದು ಕಲ್ಯಾಣಿ, ಕುಂಟೆ ಅಥವಾ ಕೆರೆಯ ಅಂಚಿನಿಂದ. ಹರಿಯುವ ನೀರಿನಲ್ಲಿ ಹುಡುಕಿದರೆ ಕೈಗೆ ಸಿಗುವುದು ಕಡಿಮೆ. ಆಳದ ಬೋರ್‌ವೆಲ್ ನೀರಿನಲ್ಲಂತೂ ಇರುವುದೇ ಇಲ್ಲ. ಹತ್ತು ಲೀಟರ್ ನೀರನ್ನು ಒತ್ತಾಗಿ ನೇಯ್ದ ಬಟ್ಟೆಯ ಮೂಲಕ ನಿಧಾನವಾಗಿ ಸುರಿಯಬೇಕು. ಆಮೇಲೆ ಬಟ್ಟೆಯನ್ನು ಮಗುಚಿ, ಒಂದು ಲೋಟ ನೀರಿನಲ್ಲಿ ಬಿಳಿ ತಟ್ಟೆಗೆ ತೊಳೆಯಬೇಕು. ಒಂದು ನಿಮಿಷ ಅಲುಗಾಡಿಸದೆ ಬಿಟ್ಟರೆ ಸಾಸಿವೆಗಿಂತ ಚಿಕ್ಕ ಚುಕ್ಕಿಗಳು ಚಟಕ್ ಚಟಕ್ ಎಂದು ಜಿಗಿಯುವುದು ಕಾಣುತ್ತದೆ. ಒಂದೆರಡು ಮಿಲಿಮೀಟರ್ ಉದ್ದದ ಈ ಜೀವಿಯೇ ಸೈಕ್ಲಾಪ್ಸ್. ನೀರುಚಿಗಟ ಎನ್ನುತ್ತೇವಾದರೂ ಇದು ಚಿಗಟವಲ್ಲ, ಸಿಗಡಿಯ ದೂರದ ನೆಂಟ.

ಇದನ್ನು ಗುರುತಿಸುವಾಗ ಹೊಸಬರು ತಪ್ಪುವುದೇ ಹೆಚ್ಚು. ಅದೇ ತಟ್ಟೆಯಲ್ಲಿ ಡ್ಯಾಫ್ನಿಯಾ ಕೂಡ ಇರುತ್ತದೆ. ಅದು ದುಂಡಗೆ, ಚಿಪ್ಪಿನೊಳಗೆ ಕೂತಂತೆ ಕಾಣುತ್ತದೆ. ಸೈಕ್ಲಾಪ್ಸ್ ಹಾಗಲ್ಲ, ಮುಂದೆ ದಪ್ಪಗಿದ್ದು ಬಾಲದ ಕಡೆ ಸಪೂರವಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನಲವತ್ತು ಪಟ್ಟು ಹಿಗ್ಗಿಸಿ ನೋಡಿದರೆ ತಲೆಯ ನಡುವೆ ಒಂದೇ ಕಣ್ಣು. ಹೆಣ್ಣಾದರೆ ಬಾಲದ ಎರಡೂ ಪಕ್ಕಕ್ಕೆ ಮೊಟ್ಟೆಯ ಚೀಲಗಳು, ಜೋಡಿ ಬಿಂದಿಗೆ ಹೊತ್ತವಳಂತೆ. ಹುಳು ಇದ್ದ ಕಾಲದಲ್ಲಾಗಿದ್ದರೆ ಕೆಲವು ಸೈಕ್ಲಾಪ್ಸ್‌ಗಳ ದೇಹದೊಳಗೆ ಸುರುಳಿ ಸುತ್ತಿಕೊಂಡ ಮರಿ ಕಾಣುತ್ತಿತ್ತು. ಅಂಥ ಸೈಕ್ಲಾಪ್ಸ್ ಮಂಕಾಗಿ ತಳ ಸೇರುತ್ತದೆ. ಬೇಸಿಗೆಯಲ್ಲಿ ನೀರು ಇಳಿದು, ಕೊಡವನ್ನು ತಳಕ್ಕೆ ತಾಗಿಸಿ ತುಂಬಿಕೊಳ್ಳುವಾಗ ಹೊಟ್ಟೆಗೆ ಹೋಗುತ್ತಿದ್ದುದು ಇವೇ.

ಮರಿ ಅದರೊಳಗೆ ಸೇರುವ ದಾರಿ ಹೀಗೆ. ರೋಗಿಯ ಕಾಲಿನ ಹುಣ್ಣಿನಿಂದ ತಲೆ ಹಾಕಿದ ಹೆಣ್ಣು ಹುಳು, ಕಾಲು ನೀರಿಗೆ ತಾಗಿದ ಕೂಡಲೇ ಲಕ್ಷಗಟ್ಟಲೆ ಮರಿಗಳನ್ನು ಹೊರಹಾಕುತ್ತದೆ. ಈ ಮರಿಗಳು ನೀರಿನಲ್ಲಿ ಸುಮಾರು ಮೂರು ದಿನ ಮಾತ್ರ ಬದುಕುತ್ತವೆ. ಅಷ್ಟರಲ್ಲಿ ಸೈಕ್ಲಾಪ್ಸ್ ನುಂಗಬೇಕು, ಇಲ್ಲವಾದರೆ ಸತ್ತವು. ಇವನ್ನು ಮನುಷ್ಯ ನೇರವಾಗಿ ಕುಡಿದರೂ ರೋಗ ಬರದು, ಏಕೆಂದರೆ ಸೈಕ್ಲಾಪ್ಸ್‌ನ ಹೊಟ್ಟೆಯಲ್ಲಿ ಎರಡು ಸಲ ಪೊರೆ ಕಳಚಿ, ಸುಮಾರು ಎರಡು ವಾರ ಬೆಳೆದ ಮೇಲೆಯೇ ಅವು ನಮ್ಮೊಳಗೆ ಬದುಕಲು ಯೋಗ್ಯವಾಗುವುದು. ಆ ಸೈಕ್ಲಾಪ್ಸ್ ಕುಡಿದ ನೀರಿನೊಂದಿಗೆ ಹೊಟ್ಟೆ ಸೇರಿ ಜೀರ್ಣರಸದಲ್ಲಿ ಸಾಯುತ್ತದೆ, ಮರಿ ಮಾತ್ರ ಬಿಡುಗಡೆಯಾಗಿ ಕರುಳಿನ ಗೋಡೆ ಕೊರೆದು ಹೊರಟುಬಿಡುತ್ತದೆ. ಸುಮಾರು ಮೂರು ತಿಂಗಳಿಗೆ ಗಂಡು ಹೆಣ್ಣು ಕೂಡುತ್ತವೆ, ಗಂಡು ಸಾಯುತ್ತದೆ. ಹೆಣ್ಣು ಮೀಟರಿನಷ್ಟು ಬೆಳೆದು ಚರ್ಮದಡಿ ಕಾಲಿನತ್ತ ಇಳಿಯುತ್ತದೆ. ನೀರು ಕುಡಿದ ಹೆಚ್ಚುಕಡಿಮೆ ಒಂದು ವರ್ಷಕ್ಕೆ ಅಲ್ಲಿ ಬೊಬ್ಬೆ ಏಳುತ್ತದೆ. ಉರಿ ತಡೆಯಲಾರದೆ ರೋಗಿ ಕಾಲನ್ನು ನೀರಿಗಿಡುತ್ತಾನೆ. ಹುಳುವಿಗೆ ಬೇಕಾದುದೂ ಅದೇ.

ಆ ಒಂದು ವರ್ಷವನ್ನು ಗಮನಿಸಿ. ಒಳಗಿರುವ ಹುಳುವನ್ನು ಹೊರಗಿನಿಂದ ಕಂಡುಹಿಡಿಯುವ ಉಪಾಯವಿಲ್ಲ. ಒಮ್ಮೆ ಬಂದವರಿಗೆ ಮತ್ತೆ ಬಾರದಂಥ ರೋಗನಿರೋಧಕ ಶಕ್ತಿಯೂ ಹುಟ್ಟುವುದಿಲ್ಲ, ಒಬ್ಬನೇ ವರ್ಷ ವರ್ಷ ನರಳಬಹುದು. ವೈದ್ಯರ ಕೈ ಕಟ್ಟಿದಂತೆಯೇ. ಆದರೆ ಅದೇ ವರ್ಷ ಹುಳುವಿನ ದೌರ್ಬಲ್ಯವೂ ಹೌದು. ಹೆಣ್ಣು ಹೊರಬಂದು ಮರಿ ಚೆಲ್ಲಿದ ಮೇಲೆ ಅದರ ಆಟ ಮುಗಿಯಿತು. ಒಂದು ಊರಿನಲ್ಲಿ ಒಂದೇ ಒಂದು ಋತುವಿನಲ್ಲಿ ಯಾರ ಹುಣ್ಣೂ ನೀರಿಗೆ ತಾಗದಿದ್ದರೆ, ಅಥವಾ ಯಾರ ಹೊಟ್ಟೆಗೂ ಸೈಕ್ಲಾಪ್ಸ್ ಹೋಗದಿದ್ದರೆ, ಮುಂದಿನ ವರ್ಷ ಆ ಊರಿನಲ್ಲಿ ಹುಳುವಿನ ವಂಶ ನಿಂತಂತೆ. ಕಡಿಯಬೇಕಾದ್ದು ಇವೆರಡು ಕೊಂಡಿಗಳನ್ನು. ಎರಡನ್ನೂ ಪೂರ್ತಿ ಕಡಿಯಬೇಕೆಂದಿಲ್ಲ, ಒಂದಾದರೂ ಬಿಗಿಯಾಗಿ ಕಡಿದರೆ ಸಾಕು.

ಮೆಟ್ಟಿಲು ಬಾವಿಯಲ್ಲಿ ಎರಡೂ ಕೊಂಡಿ ಒಂದೇ ಜಾಗದಲ್ಲಿ ಕೂಡಿಕೊಳ್ಳುತ್ತವೆ. ಕೊಡ ತುಂಬಲು ಕೊನೇ ಮೆಟ್ಟಿಲಿಗಿಳಿದು ಕಾಲು ನೆನೆಸಲೇಬೇಕು, ಅದೇ ನೀರನ್ನು ಮನೆಗೆ ಒಯ್ಯಬೇಕು. ಅದೇ ಬಾವಿಗೆ ಕಟ್ಟೆ ಎತ್ತಿ, ಮೆಟ್ಟಿಲು ಮುಚ್ಚಿ, ರಾಟೆ ಹಾಕಿ ಸೇದುವ ಬಾವಿ ಮಾಡಿದರೆ ಯಾರ ಕಾಲೂ ನೀರು ಮುಟ್ಟುವುದಿಲ್ಲ. ಸೈಕ್ಲಾಪ್ಸ್ ಬಾವಿಯಲ್ಲೇ ಉಳಿದರೂ ಅದಕ್ಕೆ ನುಂಗಲು ಮರಿ ಸಿಗದು. ರಾಷ್ಟ್ರೀಯ ನಿರ್ಮೂಲನಾ ಕಾರ್ಯಕ್ರಮ ಶುರುವಾದಾಗ, 1984ರಲ್ಲಿ, ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಸುಮಾರು 40,000 ರೋಗಿಗಳಿದ್ದರು. ಅಲ್ಲಿಂದ ಹನ್ನೆರಡು ವರ್ಷಕ್ಕೆ ಕೊನೆಯ ರೋಗಿ. ಮಾತ್ರೆ ಚೀಟಿಗಿಂತ ಗಾರೆ, ಕೈಪಂಪು, ಬಟ್ಟೆ ಮಾಡಿದ ಕೆಲಸ ಅದು.

ಬಟ್ಟೆಯ ಪರೀಕ್ಷೆಗೆ ನಾವು ಸಮಯ ಹೆಚ್ಚು ಕೊಡುತ್ತೇವೆ, ಏಕೆಂದರೆ ಸುಲಭ ಎನಿಸಿದರೂ ಕೆಡುವುದು ಇಲ್ಲೇ. ಆಫ್ರಿಕಾದಲ್ಲಿ ಹಂಚುವ ನೈಲಾನ್ ಜಾಲರಿಯ ಕಿಂಡಿ ಸುಮಾರು 100 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ. ದೊಡ್ಡ ಸೈಕ್ಲಾಪ್ಸ್ ಅದರಲ್ಲಿ ತೂರದು. ಅದರ ತೀರಾ ಎಳೆ ಮರಿಗಳು ತೂರಬಹುದು, ಆದರೆ ಅವು ಹುಳುವಿನ ಮರಿಯನ್ನು ಒಡಲಲ್ಲಿಟ್ಟುಕೊಳ್ಳುವಷ್ಟು ದೊಡ್ಡವಲ್ಲ. ಮನೆಯ ಒತ್ತು ನೇಯ್ಗೆಯ ಹತ್ತಿ ಪಂಚೆಯನ್ನು ಎರಡು ಮಡಿಕೆ ಮಾಡಿದರೂ ಕೆಲಸ ಆಗುತ್ತದೆ. ತೊಳೆದು ತೊಳೆದು ನೂಲು ಸಡಿಲವಾದ ಹಳೆ ಪಂಚೆ ಬೇಡ. ಬೆಳಕಿಗೆ ಹಿಡಿದಾಗ ನೂಲಿನ ನಡುವೆ ಚುಕ್ಕಿ ಚುಕ್ಕಿ ಬೆಳಕು ಕಂಡರೆ ಅದನ್ನು ಪಕ್ಕಕ್ಕಿಡಿ.

ಪರೀಕ್ಷೆ ಇಷ್ಟೇ: ಸೈಕ್ಲಾಪ್ಸ್ ಇರುವುದು ಖಚಿತವಾದ ನೀರನ್ನು ಬಟ್ಟೆಯಲ್ಲಿ ಸೋಸಿ, ಕೆಳಗೆ ಬಂದ ನೀರನ್ನು ಬಿಳಿ ತಟ್ಟೆಯಲ್ಲಿ ನೋಡುವುದು. ಒಂದಾದರೂ ಜಿಗಿದರೆ ಬಟ್ಟೆ ಸೋತಿತು. ಸೋಲಿಗೆ ಸಾಮಾನ್ಯವಾಗಿ ಮೂರು ಕಾರಣ ಕಾಣುತ್ತವೆ. ಕೊಡದ ಬಾಯಿಗೆ ಬಟ್ಟೆಯನ್ನು ತಮಟೆಯ ಹಾಗೆ ಎಳೆದು ಕಟ್ಟಿದರೆ ನೇಯ್ಗೆಯ ಕಿಂಡಿ ಬಿಡುತ್ತದೆ. ಕಟ್ಟದೆ ಕೈಯಲ್ಲಿ ಹಿಡಿದರೆ ನೀರು ಅಂಚಿನಿಂದ ಜಾರಿ ನೇರ ಒಳಕ್ಕೆ ಹೋಗುತ್ತದೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು, ಬಟ್ಟೆ ಮಗುಚುವುದು. ಇವತ್ತು ಮೇಲಿದ್ದ ಮಗ್ಗುಲು ನಾಳೆ ಕೆಳಗಾದರೆ, ನಿನ್ನೆ ತಡೆದ ಸೈಕ್ಲಾಪ್ಸ್‌ನೆಲ್ಲ ನಾವೇ ಕೊಡಕ್ಕೆ ತೊಳೆದುಕೊಂಡಂತೆ. ಅದಕ್ಕೆ ಮೇಲಿನ ಮಗ್ಗುಲಿಗೆ ಕೆಂಪು ದಾರದಲ್ಲಿ ನಾಲ್ಕು ಹೊಲಿಗೆ ಹಾಕಿಸುತ್ತೇನೆ. ಓದು ಬಾರದವರೂ ‘ಕೆಂಪು ಮೇಲೆ’ ಎಂಬುದನ್ನು ಮರೆಯುವುದಿಲ್ಲ.

ಇನ್ನು ಔಷಧ. ಮನುಷ್ಯನಿಗಲ್ಲ, ನೀರಿಗೆ. ಟೆಮೆಫಾಸ್ ಎಂಬ ಕೀಟನಾಶಕವನ್ನು ಲೀಟರಿಗೆ 1 ಮಿಲಿಗ್ರಾಂ ಬೀಳುವಂತೆ ಹಾಕಿದರೆ ಸೈಕ್ಲಾಪ್ಸ್ ಸಾಯುತ್ತದೆ, ನೀರನ್ನು ಕುಡಿಯಲೂಬಹುದು. ನಾವು ಲೆಕ್ಕ ಮಾತ್ರ ಮಾಡಿಸುತ್ತೇವೆ. ಸುರಿಯುವುದಿಲ್ಲ, ಯಾರೂ ತಾವಾಗಿಯೇ ಸುರಿಯಲೂ ಬಾರದು. ಉದಾಹರಣೆಗೆ, ನೀರಿನ ಮಟ್ಟದಲ್ಲಿ 8 ಮೀಟರ್ ಚೌಕ, ತಳದಲ್ಲಿ 4 ಮೀಟರ್ ಚೌಕ, 2 ಮೀಟರ್ ಆಳ ಇರುವ ಕಲ್ಯಾಣಿ. ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು ಆಳ ಅಳೆಯಬೇಕು, ಒಂದೇ ಕಡೆ ಅಲ್ಲ, ನಾಲ್ಕೈದು ಕಡೆ. ಮೆಟ್ಟಿಲುಗಳಿಂದಾಗಿ ಒಳಗೆ ಕಿರಿದಾಗುತ್ತಾ ಹೋಗುವ ಈ ಆಕಾರಕ್ಕೆ ನೀರಿನ ಪ್ರಮಾಣ ಸುಮಾರು 75 ಘನ ಮೀಟರ್, ಅಂದರೆ 75,000 ಲೀಟರ್. ಬೇಕಾದ ಟೆಮೆಫಾಸ್ 75 ಗ್ರಾಂ. ಶೇಕಡಾ 50ರ ದ್ರಾವಣವಾದರೆ 150 ಮಿಲಿಲೀಟರ್. ಹೊಸಬರು ಮೇಲಿನ ಅಳತೆಯನ್ನೇ ಆಳದಿಂದ ಗುಣಿಸಿ 128 ಘನ ಮೀಟರ್ ಎನ್ನುತ್ತಾರೆ, ಔಷಧ ಒಂದೂ ಮುಕ್ಕಾಲು ಪಟ್ಟಿನ ಹತ್ತಿರ ಹೋಗುತ್ತದೆ. ಹಳೇ ಲೆಕ್ಕ ಹಿಡಿದು ಮಳೆಯ ನಂತರ ಹಾಕಿದರೆ ತಿರುಗುಮುರುಗು, ತೆಳುವಾಗಿ ಸೈಕ್ಲಾಪ್ಸ್ ಉಳಿಯುತ್ತದೆ. ಒಮ್ಮೆ ಹಾಕಿದರೆ ಮುಗಿಯಲಿಲ್ಲ, ಅವು ಮತ್ತೆ ಬೆಳೆಯುತ್ತವೆ. ಅದಕ್ಕೇ ಹುಳು ಹೊರಬರುವ ತಿಂಗಳುಗಳಲ್ಲಿ 28 ದಿನಕ್ಕೊಮ್ಮೆ ಹಾಕುವ ಕ್ರಮ. ರೋಗಿ ನೀರಿಗಿಳಿದದ್ದು ಗೊತ್ತಾದರೆ ಎರಡು ವಾರದೊಳಗೆ ಹಾಕಬೇಕು, ಮರಿ ಬಲಿಯುವ ಮೊದಲೇ.

ರೋಗಿಯ ಹುಣ್ಣಿನ ಕೆಲಸ ತಾಳ್ಮೆಯದು. ಹೊರಬಂದ ಹುಳುವಿನ ತುದಿಯನ್ನು ಬ್ಯಾಂಡೇಜಿನ ಸಣ್ಣ ಸುರುಳಿಗೋ ಕಡ್ಡಿಗೋ ಸುತ್ತಿ, ದಿನಕ್ಕೆ ಕೆಲವೇ ಸೆಂಟಿಮೀಟರ್ ಎಳೆಯಬೇಕು. ವಾರಗಳೇ ಹಿಡಿಯುತ್ತವೆ. ಬಿಗಿ ಕಂಡ ಕೂಡಲೇ ನಿಲ್ಲಿಸಬೇಕು. ಆತುರಪಟ್ಟು ತುಂಡಾದರೆ ಉಳಿದ ಭಾಗ ಒಳಕ್ಕೆ ಸರಿದು, ಮರಿಗಳು ಮಾಂಸದಲ್ಲೇ ಚೆಲ್ಲಿ, ಕಾಲು ಊದಿ ಕೀವಾಗುತ್ತದೆ. ಹುಳು ಪೂರ್ತಿ ಬರುವವರೆಗೆ ಹುಣ್ಣನ್ನು ಕಟ್ಟಿಲ್ಲದೆ ಬಿಡಬಾರದು, ನೀರಿನ ಮೂಲಕ್ಕೆ ಕಾಲಿಡಬಾರದು. ಹುಳು ಕಂಡ 24 ಗಂಟೆಯೊಳಗೆ ರೋಗಿಯನ್ನು ಪತ್ತೆ ಮಾಡಬೇಕು ಎಂಬ ನಿಯಮ ಇದಕ್ಕೇ. ತಡವಾದ ಪ್ರತಿ ದಿನವೂ ಅವನು ನೀರಿಗಿಳಿದಿರಬಹುದಾದ ದಿನ. ಒಬ್ಬನೂ ಇಲ್ಲ ಎಂದು ಮೂರು ವರ್ಷ ಹುಡುಕಿ ತೋರಿಸಿದ ಮೇಲೆ, 2000ದ ಫೆಬ್ರವರಿಯಲ್ಲಿ ಭಾರತಕ್ಕೆ ಮುಕ್ತ ದೇಶದ ಪ್ರಮಾಣಪತ್ರ ಸಿಕ್ಕಿತು.

ಜಗತ್ತಿನಲ್ಲಿ 1986ರಲ್ಲಿ ಅಂದಾಜು 35 ಲಕ್ಷ ರೋಗಿಗಳಿದ್ದರು. 2023ರಲ್ಲಿ 14. ಆ ಹದಿನಾಲ್ಕನ್ನು ಸೊನ್ನೆ ಮಾಡುವುದೇ ಕಷ್ಟವಾಗಿದೆ, ಅದಕ್ಕೆ ಕಾರಣ ನಾಯಿ. ಚಾಡ್ ದೇಶದಲ್ಲಿ ಹತ್ತು ವರ್ಷ ಕಾಣದಿದ್ದ ರೋಗ 2010ರಲ್ಲಿ ಮತ್ತೆ ಕಾಣಿಸಿತು. 2012ರಿಂದ ನಾಯಿಗಳ ಕಾಲಲ್ಲೂ ಅದೇ ಹುಳು ಸಿಗತೊಡಗಿತು. ಸೈಕ್ಲಾಪ್ಸ್ ತಿಂದ ಮೀನು, ಕಪ್ಪೆಗಳ ಮೈಯಲ್ಲೂ ಮರಿ ಬದುಕಿರಬಲ್ಲದು. ಹೊಳೆದಂಡೆಯಲ್ಲಿ ಬಿಸಾಡಿದ ಮೀನಿನ ಕರುಳನ್ನು ನಾಯಿ ತಿಂದರೆ ಪಂಚೆಯ ಉಪಾಯ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ನಾಯಿಗೆ ಯಾರು ನೀರು ಸೋಸಿ ಕೊಡುತ್ತಾರೆ? ಆದ್ದರಿಂದ ಅಲ್ಲಿ ಮೀನಿನ ಕರುಳನ್ನು ಹೂಳಿಸುತ್ತಾರೆ ಅಥವಾ ಸುಡಿಸುತ್ತಾರೆ, ಹುಳು ಕಂಡ ನಾಯಿಯನ್ನು ಅದು ಪೂರ್ತಿ ಹೊರಬರುವವರೆಗೆ ನೀರಿನಿಂದ ದೂರ ಕಟ್ಟಿಹಾಕುತ್ತಾರೆ, ಕೊಳಗಳಿಗೆ ಟೆಮೆಫಾಸ್ ಹಾಕುತ್ತಾರೆ. ಅದೇ 28 ದಿನಕ್ಕೊಮ್ಮೆ, ಅದೇ ಲೀಟರಿಗೆ ಒಂದು ಮಿಲಿಗ್ರಾಂ ಲೆಕ್ಕದಲ್ಲಿ.