ಸಾಲದ ಪಾಲು ಬದಲಾದಾಗ ವ್ಯಾಕ್ ಲೆಕ್ಕ: ನಾನು ಎಡವಿದ್ದು ಎಲ್ಲಿ

ಕಂಪನಿಗಳ ಮೌಲ್ಯಮಾಪನದ ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಒಂದು ಕಂಪನಿ ತನ್ನ ಬಂಡವಾಳದಲ್ಲಿ ಸಾಲದ ಪಾಲನ್ನು 20%ರಿಂದ 50%ಗೆ ಏರಿಸಿದರೆ ಮೌಲ್ಯ ಎಷ್ಟಾಗುತ್ತದೆ ಎಂದು ನೋಡಬೇಕಿತ್ತು. ಷೇರುದಾರರು ಬಯಸುವ ಪ್ರತಿಫಲ 15%, ಸಾಲದ ಬಡ್ಡಿ 9%, ತೆರಿಗೆ 25%. ಬಡ್ಡಿಗೆ ತೆರಿಗೆ ವಿನಾಯಿತಿ ಇರುವುದರಿಂದ ಸಾಲದ ನಿಜವಾದ ವೆಚ್ಚ 6.75%. ಹಾಗಾಗಿ ಹಳೆಯ ವ್ಯಾಕ್, ಅಂದರೆ ಬಂಡವಾಳದ ಸರಾಸರಿ ವೆಚ್ಚ, 13.35%. ಇಲ್ಲಿಯವರೆಗೆ ತಪ್ಪಿರಲಿಲ್ಲ.

ಆಮೇಲೆ ನಾನು ಮಾಡಿದ್ದು ಇಷ್ಟೇ: ಹಾಳೆಯಲ್ಲಿ 80-20 ಇದ್ದ ಜಾಗದಲ್ಲಿ 50-50 ಹಾಕಿದೆ. ವ್ಯಾಕ್ 10.88%ಗೆ ಇಳಿಯಿತು. ವರ್ಷಕ್ಕೆ 100 ಬರುವ, ಬೆಳವಣಿಗೆ ಇಲ್ಲದ ಕಂಪನಿಯ ಮೌಲ್ಯ 749ರಿಂದ 920ಕ್ಕೆ ಹಾರಿತು. ಖುಷಿಯಿಂದ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಸೂತ್ರ ನೋಡಲೇ ಇಲ್ಲ. "ತೆರಿಗೆಯ ಸೆಲ್‌ನಲ್ಲಿ ಸೊನ್ನೆ ಹಾಕಿ ನೋಡಪ್ಪ" ಎಂದರು.

ಹಾಕಿದೆ. 20% ಸಾಲಕ್ಕೆ 13.8%, 50% ಸಾಲಕ್ಕೆ 12%. ತೆರಿಗೆಯೇ ಇಲ್ಲದಿದ್ದರೂ ವೆಚ್ಚ ಇಳಿಯುತ್ತಿದೆ. ಅದೇ ಯಂತ್ರ, ಅದೇ ಗಿರಾಕಿ, ಅದೇ ಆದಾಯ. ಹಣ ಕೊಟ್ಟವರ ನಡುವಿನ ಹಂಚಿಕೆ ಮಾತ್ರ ಬದಲಾಗಿದೆ. ಹಾಗಿರುವಾಗ ಆ 1.8% ಎಲ್ಲಿ ಹೋಯಿತು? ತೆರಿಗೆ ಇಲ್ಲದಿದ್ದರೆ ಹಂಚಿಕೆ ಬದಲಾದ ಮಾತ್ರಕ್ಕೆ ಒಟ್ಟು ವೆಚ್ಚ ಬದಲಾಗದು ಎಂದು ಅರ್ಥಶಾಸ್ತ್ರಜ್ಞರಾದ ಮೋದಿಗ್ಲಿಯಾನಿ ಮತ್ತು ಮಿಲ್ಲರ್ 1958ರಲ್ಲೇ ಹೇಳಿದ್ದರು. ಪರೀಕ್ಷೆಗೆ ಓದಿದ್ದೆ, ಹಾಳೆ ತುಂಬುವಾಗ ಮರೆತಿದ್ದೆ. ಸಾಲ ಹೆಚ್ಚಿದಷ್ಟೂ ಷೇರುದಾರನ ಪಾಲಿಗೆ ಉಳಿಯುವ ಆದಾಯ ಹೆಚ್ಚು ಏರಿಳಿಯುತ್ತದೆ, ಅವನು ಕೇಳುವ ಪ್ರತಿಫಲವೂ ಏರುತ್ತದೆ. ನಾನು 15%ನ್ನು ಅಲ್ಲೇ ಮೊಳೆ ಹೊಡೆದು ಕೂರಿಸಿದ್ದೆ. ಬಡ್ಡಿಯನ್ನೂ ಹಾಗೇ ಬಿಟ್ಟಿದ್ದೆ. ಇಷ್ಟು ಸಾಲಕ್ಕೆ ಬ್ಯಾಂಕು 10% ಕೇಳುತ್ತಿತ್ತು.

ಅಂದಿನಿಂದ ನಾನು ಮೊದಲು ಸಾಲದ ಪರಿಣಾಮ ಕಳಚಿ, ಆಮೇಲೆ ಹೊಸ ಅನುಪಾತದಲ್ಲಿ ಮತ್ತೆ ಏರಿಸುತ್ತೇನೆ. ಕೆಳಗೆ E ಷೇರು ಬಂಡವಾಳ, D ಸಾಲ, V ಎರಡರ ಮೊತ್ತ; Re ಷೇರುದಾರರ ಪ್ರತಿಫಲ, Rd ಬಡ್ಡಿ ದರ, Ru ಸಾಲವಿಲ್ಲದಾಗಿನ ವೆಚ್ಚ, T ತೆರಿಗೆ ದರ:

```
Ru   = Re*(E/V) + Rd*(D/V)
Re   = Ru + (Ru - Rd)*(D/E)
WACC = Re*(E/V) + Rd*(1 - T)*(D/V)
```

ಮೊದಲ ಸಾಲಿನಲ್ಲಿ ಹಳೆಯ ಅಂಕಿಗಳು: 12 + 1.8, ಒಟ್ಟು 13.8%. ಇದು ಸಾಲವೇ ಇಲ್ಲದಿದ್ದರೆ ವ್ಯವಹಾರಕ್ಕೆ ತಗಲುವ ವೆಚ್ಚ. ಎರಡನೆಯದರಲ್ಲಿ ಹೊಸ ಅಂಕಿಗಳು: 13.8 + 3.8, ಅಂದರೆ ಷೇರುದಾರನಿಗೆ 17.6%. ಮೂರನೆಯದರಲ್ಲಿ 8.8 + 3.75, ಒಟ್ಟು 12.55%. ಮೌಲ್ಯ 797. ನಾನು ತೋರಿಸಿದ್ದ 23% ಏರಿಕೆ ಬರೀ 6%ಗೆ ಇಳಿಯಿತು.

ತಾಳೆ ನೋಡುವುದು ಸುಲಭ. ವ್ಯಾಕ್ ಇಳಿಯಲು ತೆರಿಗೆ ಉಳಿತಾಯವೊಂದೇ ಕಾರಣ: ತೆರಿಗೆ ದರ × ಬಡ್ಡಿ × ಸಾಲದ ಪಾಲು. ಹಿಂದೆ ಅದು 0.45% ಇತ್ತು, ಈಗ 1.25%. ವ್ಯತ್ಯಾಸ 0.80%, ವ್ಯಾಕ್ ಇಳಿದದ್ದೂ ಅಷ್ಟೇ. ಇದಕ್ಕಿಂತ ಹೆಚ್ಚು ಇಳಿದರೆ ಹಾಳೆಯಲ್ಲಿ ಎಲ್ಲೋ ತಪ್ಪಿದೆ.

ಇದೆಲ್ಲ ಕಂಪನಿ ಸಾಲದ ಪಾಲನ್ನು ಮೌಲ್ಯಕ್ಕೆ ತಕ್ಕಂತೆ ಕಾಯ್ದುಕೊಂಡು ಹೋಗುತ್ತದೆ ಎಂಬ ಊಹೆಯ ಮೇಲೆ ನಿಂತಿದೆ. ಸಾಲದ ಮೊತ್ತ ಎಂದೆಂದಿಗೂ ಇಷ್ಟೇ ಎಂದಾದರೆ ಎರಡನೆಯ ಸೂತ್ರದ ಆವರಣಕ್ಕೆ `(1 - T)` ಗುಣಿಸಬೇಕು. ಸಾಲ ಕಳಚುವಾಗಲೂ ಅದೇ ರೂಪ ಬಳಸಬೇಕು. ಆಗ ಇದೇ ಉದಾಹರಣೆಯಲ್ಲಿ 12.30% ಬರುತ್ತದೆ. ಒಂದರಿಂದ ಕಳಚಿ ಇನ್ನೊಂದರಿಂದ ಏರಿಸಿದವರನ್ನು ಬಹಳ ನೋಡಿದ್ದೇನೆ. ಉತ್ತರ ನೋಡಲು ಚೆನ್ನಾಗೇ ಇರುತ್ತದೆ, ಅದೇ ತೊಂದರೆ. ವರ್ಷ ವರ್ಷ ಸಾಲ ತೀರಿಸುತ್ತಾ ಹೋಗುವ ಕಂಪನಿಯಾದರೆ ನಾನು ಒಂದೇ ವ್ಯಾಕ್ ಬಳಸುವುದಿಲ್ಲ; ವ್ಯವಹಾರದ ಮೌಲ್ಯವನ್ನೂ ತೆರಿಗೆ ಉಳಿತಾಯವನ್ನೂ ಬೇರೆ ಬೇರೆ ಲೆಕ್ಕ ಹಾಕಿ ಕೂಡಿಸುತ್ತೇನೆ. ಇನ್ನು ಪಾಲುಗಳು ಯಾವಾಗಲೂ ಮಾರುಕಟ್ಟೆ ಮೌಲ್ಯದ್ದೇ ಆಗಿರಬೇಕು, ಲೆಕ್ಕಪುಸ್ತಕದ್ದಲ್ಲ.

ಹಾಳೆ ಸರಿಯಾದ ಮೇಲೆ "ಹಾಗಾದರೆ 60% ಸಾಲ ಮಾಡಿದರೆ?" ಎಂಬ ಪ್ರಶ್ನೆ ಬಂತು. ಬಡ್ಡಿ 11% ಎಂದರೆ ಸೂತ್ರ 12.15% ಕೊಡುತ್ತದೆ. ಆದರೆ ಎಷ್ಟೋ ದೇಶಗಳಲ್ಲಿ ತೆರಿಗೆ ಲೆಕ್ಕ ಹಾಕುವಾಗ ಆದಾಯದಿಂದ ಬಡ್ಡಿ ಕಳೆಯುವುದಕ್ಕೆ ಮಿತಿ ಇದೆ. ಸಾಮಾನ್ಯವಾಗಿ ಬಡ್ಡಿ, ತೆರಿಗೆ, ಸವಕಳಿಗೆ ಮುಂಚಿನ ಲಾಭದ 30%. ತೆರಿಗೆ ಕಳೆದು 100 ಉಳಿಯಬೇಕಾದರೆ ತೆರಿಗೆಗೆ ಮುಂಚೆ 133 ಬೇಕು. ಸವಕಳಿ ಬಿಟ್ಟರೆ ಮಿತಿ 40. 50% ಸಾಲದ ಬಡ್ಡಿಯೇ 39.8! ಅದರಾಚೆ ಕಟ್ಟುವ ಬಡ್ಡಿಗೆ ಚಿಕ್ಕಾಸೂ ಉಳಿತಾಯವಿಲ್ಲ. ಮಿತಿ ಹಾಕಿ ಮತ್ತೆ ಲೆಕ್ಕ ಮಾಡಿದರೆ 60%ಗೂ ವ್ಯಾಕ್ 12.55% ಬಳಿಯೇ ನಿಂತಿತು, ಮೌಲ್ಯವೂ 797.