ಲೊಕೇಶನ್ ಲಿಂಕ್ ಒತ್ತಿದರೆ ಮ್ಯಾಪ್ ಆ್ಯಪೇ ತೆರೆಯಲಿ

ಶಿರಸಿ ಹತ್ತಿರದ ಹಳ್ಳಿಯೊಂದರಲ್ಲಿ ಮದುವೆ ಇತ್ತು. ನಾವು ಕಾರವಾರದಿಂದ ಬೆಳಿಗ್ಗೆ ಬೇಗ ಹೊರಟಿದ್ದೆವು. ಮದುವೆ ಮನೆಯವರು ವಾಟ್ಸಾಪಿನಲ್ಲಿ ಲೊಕೇಶನ್ ಕಳಿಸಿದ್ದರು. ಕುಮಟಾ ಬರುತ್ತಿದ್ದಂತೆ ಕಾರು ಓಡಿಸುತ್ತಿದ್ದ ಭಾವ, "ಆ ಲಿಂಕ್ ಒತ್ತು ಮಾರಾಯ" ಎಂದರು. ಒತ್ತಿದೆ. ಗೂಗಲ್ ಮ್ಯಾಪ್ಸ್ ಆ್ಯಪ್ ಬದಲು ಬ್ರೌಸರ್ ತೆರೆದುಕೊಂಡಿತು. ನಕ್ಷೆ ಏನೋ ಕಾಣಿಸುತ್ತಿತ್ತು. ಆದರೆ ತಿರುವು ಬಂದಾಗ ಹೇಳುವ ದನಿ ಇಲ್ಲ. ದೇವಿಮನೆ ಘಟ್ಟ ಹತ್ತುವಾಗ ಸಿಗ್ನಲ್ ಹೋಯಿತು, ಪುಟವೂ ಬೆಳ್ಳಗಾಯಿತು. ಆ ಭಾಗದ ನಕ್ಷೆಯನ್ನು ಹಿಂದಿನ ರಾತ್ರಿಯೇ ಆ್ಯಪಿನಲ್ಲಿ ಇಳಿಸಿಟ್ಟಿದ್ದೆ. ಅದು ಆ್ಯಪಿನೊಳಗೆ ಮಾತ್ರ ಸಿಗುತ್ತದೆ, ಬ್ರೌಸರಿಗೆ ಸಿಗುವುದಿಲ್ಲ. ಕೊನೆಗೆ ದಾರಿ ಬದಿಯ ಅಂಗಡಿಯಲ್ಲಿ ಕೇಳಿಕೊಂಡೇ ಹೋದೆವು.

ಹೀಗೇಕೆ ಆಗುತ್ತದೆ? 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದ ನಿಯಮ ಬಿಗಿಯಾಗಿದೆ. "ಈ ಆ್ಯಪ್ ನಮ್ಮದೇ" ಎಂದು ಲಿಂಕಿನಲ್ಲಿರುವ ವೆಬ್‌ಸೈಟೇ ಒಪ್ಪಿಕೊಂಡಿರಬೇಕು, ಇಲ್ಲವೇ ನಾವೇ ಕೈಯಾರೆ ಅನುಮತಿ ಕೊಟ್ಟಿರಬೇಕು. ಎರಡೂ ಇಲ್ಲದಿದ್ದರೆ ಲಿಂಕ್ ನೇರ ಬ್ರೌಸರಿಗೆ ಹೋಗುತ್ತದೆ. ಒಪ್ಪಿಗೆ ಇದ್ದರೂ ಆ್ಯಪಿನ ಸೆಟ್ಟಿಂಗ್ ಯಾವಾಗಲೋ ಆಫ್ ಆಗಿದ್ದರೆ ಕತೆ ಅದೇ. ನನ್ನ ಫೋನಿನಲ್ಲಿ ಆಗಿದ್ದು ಇದೇ.

ಸರಿ ಮಾಡಲು ಒಂದು ನಿಮಿಷ ಸಾಕು. ಮ್ಯಾಪ್ಸ್ ಐಕಾನನ್ನು ಒತ್ತಿ ಹಿಡಿಯಿರಿ. App info ಬರುತ್ತದೆ, ಕೆಲವು ಫೋನುಗಳಲ್ಲಿ ಬರೀ i ಗುರುತು ಇರುತ್ತದೆ. ಅದರೊಳಗೆ ಸ್ವಲ್ಪ ಕೆಳಗೆ Open by default ಎಂದಿದೆ. ಸ್ಯಾಮ್ಸಂಗ್ ಫೋನುಗಳಲ್ಲಿ ಇದನ್ನು Set as default ಎನ್ನುತ್ತಾರೆ. ತೆರೆದರೆ ಮೇಲ್ಗಡೆಯೇ Open supported links ಎಂಬ ಗುಂಡಿ ಕಾಣುತ್ತದೆ. ಅದನ್ನು ಆನ್ ಮಾಡಿ. ಆ್ಯಪ್ ಯಾವ ಯಾವ ವಿಳಾಸಗಳನ್ನು ತೆರೆಯಬಹುದು ಎಂಬ ಪಟ್ಟಿಯೂ ಅಲ್ಲೇ ಸಿಗುತ್ತದೆ. ಈಗ ಹಂಚಿಕೊಳ್ಳುವ ಮ್ಯಾಪ್ ಲಿಂಕುಗಳು ಸಾಮಾನ್ಯವಾಗಿ maps.app.goo.gl ಎಂದು ಶುರುವಾಗುತ್ತವೆ. ಅದು ಪಟ್ಟಿಯಲ್ಲಿದೆಯಾ ನೋಡಿ. Add link ಎಂಬ ಆಯ್ಕೆ ಇದ್ದರೆ, ಇನ್ನೂ ಸೇರದ ವಿಳಾಸಗಳನ್ನು ಅಲ್ಲಿ ಟಿಕ್ ಮಾಡಬಹುದು.

ವಿಡಿಯೊ ಲಿಂಕಿಗೂ ಇದೇ ದಾರಿ. ಯೂಟ್ಯೂಬಿನ App infoಗೆ ಹೋಗಿ youtube.com ಮತ್ತು youtu.be ಎರಡನ್ನೂ ನೋಡಿ. ಕೆಲವರಿಗೆ ಉಲ್ಟಾ ಬೇಕಿರುತ್ತದೆ, ವಿಡಿಯೊ ಬ್ರೌಸರಿನಲ್ಲೇ ತೆರೆದರೆ ಸಾಕು ಎನ್ನುತ್ತಾರೆ. ಅವರು ಅದೇ ಗುಂಡಿಯನ್ನು ಆಫ್ ಮಾಡಿದರಾಯಿತು.

ಸರಿಯಾಯಿತಾ ಎಂದು ನೋಡುವಾಗ ಜಾಸ್ತಿ ಜನ ಎಡವುತ್ತಾರೆ. ಕ್ರೋಮಿನಲ್ಲಿ ವಿಳಾಸ ಟೈಪ್ ಮಾಡಿ ನೋಡಬೇಡಿ. ಟೈಪ್ ಮಾಡಿದ ವಿಳಾಸ ಸಾಮಾನ್ಯವಾಗಿ ಬ್ರೌಸರಿನಲ್ಲೇ ಉಳಿಯುತ್ತದೆ, ಅದನ್ನು ನೋಡಿ ಸೆಟ್ಟಿಂಗ್ ಕೆಟ್ಟಿದೆ ಎಂದುಕೊಳ್ಳುತ್ತೇವೆ. ವಾಟ್ಸಾಪಿನಲ್ಲಿ ನಿಮಗೆ ನೀವೇ ಲಿಂಕ್ ಕಳಿಸಿಕೊಂಡು ಅದನ್ನು ಒತ್ತಿ ನೋಡಿ.

ಫೇಸ್‌ಬುಕ್, ಇನ್‌ಸ್ಟಾಗ್ರಾಮಿನ ವಿಷಯ ಬೇರೆ. ಅಲ್ಲಿ ಒತ್ತಿದ ಲಿಂಕ್ ಹೆಚ್ಚಾಗಿ ಆ ಆ್ಯಪಿನದೇ ಒಳಗಿನ ಪುಟ್ಟ ಬ್ರೌಸರಿನಲ್ಲಿ ತೆರೆಯುತ್ತದೆ. ನಮ್ಮ ಸೆಟ್ಟಿಂಗ್ ತನಕ ಬರುವುದೇ ಇಲ್ಲ. ಗುರುತು ಹಿಡಿಯುವುದು ಸುಲಭ. ಪುಟದ ಮೇಲೆ ಮುಚ್ಚುವ ಗುರುತು, ಮೂರು ಚುಕ್ಕಿ ಇರುತ್ತವೆ, ಮುಚ್ಚಿದರೆ ಮತ್ತೆ ಅದೇ ಪೋಸ್ಟಿಗೆ ಬರುತ್ತೀರಿ. ಅಂಥ ಕಡೆ ಲಿಂಕನ್ನು ಕಾಪಿ ಮಾಡಿ, ವಾಟ್ಸಾಪಿಗೆ ಹಾಕಿಕೊಂಡು ಅಲ್ಲಿಂದ ತೆರೆಯಿರಿ.

ಘಟ್ಟ ಹತ್ತುವವರಿಗೆ ಇನ್ನೊಂದು ಮಾತು. ಆ್ಯಪೇ ತೆರೆದರೂ ಈ ಚಿಕ್ಕ ಲಿಂಕ್ ಎಲ್ಲಿಗೆ ಹೋಗಬೇಕು ಎಂಬುದನ್ನು ನೆಟ್ ಕೇಳಿಯೇ ತಿಳಿದುಕೊಳ್ಳುತ್ತದೆ. ಸಿಗ್ನಲ್ ಇಲ್ಲದ ಕಡೆ ಒತ್ತಿದರೆ ನಕ್ಷೆ ಇಳಿಸಿಟ್ಟಿದ್ದರೂ ಪ್ರಯೋಜನವಿಲ್ಲ. ಹಾಗಾಗಿ ಮನೆಯಲ್ಲೇ ವೈಫೈ ಇರುವಾಗ ಲಿಂಕ್ ಒತ್ತಿ, ಜಾಗವನ್ನು Save ಮಾಡಿ. ಆಮೇಲೆ ಮ್ಯಾಪ್ಸಿನಲ್ಲಿ ನಿಮ್ಮ ಫೋಟೊ ಒತ್ತಿ Offline maps ಗೆ ಹೋಗಿ, ಚೌಕವನ್ನು ಕುಮಟಾದಿಂದ ಶಿರಸಿ ಪೂರ್ತಿ ಒಳಗೆ ಬರುವಂತೆ ಎಳೆದು Download ಕೊಡಿ. ಕುಮಟಾ ಬಿಡುವ ಮೊದಲೇ Start ಒತ್ತಿಬಿಡಿ. ಮುಂದಿನ ಸಲ ನಾವು ಹಾಗೆ ಮಾಡಿಕೊಂಡು ಹೋದೆವು. ಘಟ್ಟದಲ್ಲಿ ಸಿಗ್ನಲ್ ಪೂರಾ ಹೋದರೂ ದನಿ ನಿಲ್ಲಲಿಲ್ಲ, ಶಿರಸಿ ದಾಟಿದ ಮೇಲೆ ಮಣ್ಣುರಸ್ತೆಯ ತಿರುವನ್ನೂ ಸರಿಯಾಗಿ ಹೇಳಿತು.