ಸಿಟ್ಟಲ್ಲಿ ಬರೆದ ರಾಜೀನಾಮೆ ಪತ್ರವನ್ನು ತಿದ್ದುವುದು ಹೇಗೆ?

ನನ್ನ ಗೆಳತಿ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಸ್ಟಾಫ್ ಮೀಟಿಂಗ್‌ನಲ್ಲಿ ಎಲ್ಲರೆದುರು ಬೈಸಿಕೊಂಡು ಬಂದ ರಾತ್ರಿ ರಾಜೀನಾಮೆ ಬರೆದು ನನಗೆ ವಾಟ್ಸಾಪ್‌ನಲ್ಲಿ ಕಳಿಸಿದರು. ಅದರಲ್ಲಿ ಹೀಗಿತ್ತು:

"ಆರು ವರ್ಷ ಈ ಶಾಲೆಗಾಗಿ ಜೀವ ತೇಯ್ದಿದ್ದೇನೆ. ಎರಡು ತಿಂಗಳಿಂದ ಸಂಬಳ ಕೊಟ್ಟಿಲ್ಲ. ಮೇಲಾಗಿ ಎಲ್ಲರೆದುರು ಅವಮಾನ. ನಾಳೆಯಿಂದ ನಾನು ಈ ಶಾಲೆಗೆ ಕಾಲಿಡುವುದಿಲ್ಲ. ನನ್ನ ಹತ್ತನೇ ಕ್ಲಾಸಿನ ಮಕ್ಕಳನ್ನು ನೆನೆದರೆ ಅಳು ಬರುತ್ತದೆ."

ಒಂದೊಂದು ಮಾತೂ ನಿಜ. ಆದರೆ ಈ ಪತ್ರ ಕೊಟ್ಟಿದ್ದರೆ ನಷ್ಟ ಅವರಿಗೇ ಆಗುತ್ತಿತ್ತು. ಹಾಗಾಗಿ ಇಬ್ಬರೂ ಕೂತು ತಿದ್ದಿದೆವು.

ಮೊದಲು ಪತ್ರ ಬದಿಗಿಟ್ಟು ಅಪಾಯಿಂಟ್‌ಮೆಂಟ್ ಆರ್ಡರ್ ತೆಗೆದು ನೋಡಿ. ಕೆಲಸ ಬಿಡಲು ಎಷ್ಟು ದಿನ ಮೊದಲು ತಿಳಿಸಬೇಕು ಅನ್ನುವುದು ಅದರಲ್ಲಿರುತ್ತದೆ. ಕೆಲವು ಶಾಲೆಗಳಲ್ಲಿ ಒಂದು ತಿಂಗಳು, ಕೆಲವು ಕಡೆ ಮೂರು ತಿಂಗಳು. ವರ್ಷದ ನಡುವೆ ಬಿಡುವಂತಿಲ್ಲ ಅಂತಲೂ ಬರೆದಿರಬಹುದು, ಅದನ್ನು ಪೂರ್ತಿ ಓದಿ. ಗೆಳತಿಯ ಆರ್ಡರ್‌ನಲ್ಲಿ "30 ದಿನಗಳ ನೋಟಿಸ್ ಅಥವಾ ಆ ಅವಧಿಯ ಸಂಬಳ" ಅಂತ ಇತ್ತು. ಅಂದರೆ "ನಾಳೆಯಿಂದ ಕಾಲಿಡುವುದಿಲ್ಲ" ಅನ್ನುವ ಒಂದು ವಾಕ್ಯಕ್ಕೆ ಒಂದು ತಿಂಗಳ ಸಂಬಳ ಹೋಗುತ್ತಿತ್ತು, ಅದನ್ನು ಬಾಕಿ ಸಂಬಳದಲ್ಲೇ ಮುರಿದುಕೊಳ್ಳುತ್ತಿದ್ದರು.

ಆಮೇಲೆ ದಿನ ಲೆಕ್ಕ ಹಾಕಿ. ಪತ್ರ ಕೊಡುವುದು 2026ರ ಜನವರಿ 5ಕ್ಕೆ. ಮರುದಿನದಿಂದ ಎಣಿಸಿದರೆ ಜನವರಿಯಲ್ಲಿ 26 ದಿನ, ಫೆಬ್ರವರಿಯಲ್ಲಿ 4 ದಿನ. ಹಾಗಾಗಿ ಕೊನೆಯ ದಿನ ಫೆಬ್ರವರಿ 4. ಈ ತಾರೀಖು ಪತ್ರದಲ್ಲಿ ಇರಲೇಬೇಕು. ಬರೀ "ನೋಟಿಸ್ ಅವಧಿ ಮುಗಿದ ನಂತರ" ಅಂತ ಬಿಟ್ಟರೆ ಮುಂದೆ ಅವರದೊಂದು ಲೆಕ್ಕ, ನಿಮ್ಮದೊಂದು ಲೆಕ್ಕ ಆಗುತ್ತದೆ.

ಈಗ ವಾಕ್ಯಗಳಿಗೆ ಬನ್ನಿ. "ಜೀವ ತೇಯ್ದಿದ್ದೇನೆ" ಅನ್ನುವುದರಲ್ಲಿ ಉಳಿಯಬೇಕಾದ ವಿಷಯ ಒಂದೇ, ಆರು ವರ್ಷದ ಸೇವೆ. ಅದನ್ನು ಸೇರಿದ ತಾರೀಖಿನ ಸಮೇತ ಬರೆಯಿರಿ. 2009ರ ತಿದ್ದುಪಡಿಯಿಂದ ಶಿಕ್ಷಕರಿಗೂ ಗ್ರಾಚ್ಯುಟಿ ಸಿಗುವಂತಾಯಿತು, ಐದು ವರ್ಷ ಸತತವಾಗಿ ದುಡಿದವರು ಅದನ್ನು ಕೇಳಬಹುದು. ಮಕ್ಕಳ ಮೇಲಿನ ಅಕ್ಕರೆಯನ್ನು ಅಳಿಸಿ ಹಾಕಬೇಡಿ, ಕೆಲಸದ ಮಾತಾಗಿ ಬದಲಿಸಿ: ಪೋರ್ಷನ್ ಎಲ್ಲಿಗೆ ಮುಗಿಸುತ್ತೀರಿ, ಯಾವ ದಾಖಲೆ ಒಪ್ಪಿಸುತ್ತೀರಿ ಅಂತ. ನನಗೆ ಇಡೀ ಪತ್ರದಲ್ಲಿ ಇಷ್ಟವಾದ ಸಾಲು ಅದೇ.

ಸಂಬಳ ಬಾಕಿಯ ಮಾತು ಈ ಪತ್ರದಲ್ಲಿ ಬೇಡ. ಯಾವ ತಿಂಗಳು, ಎಷ್ಟು ರೂಪಾಯಿ ಅಂತ ಬೇರೆ ಹಾಳೆಯಲ್ಲಿ ಬರೆದು ಅದೇ ದಿನ ಕೊಡಿ. ಅವಮಾನದ ದೂರಿಗೂ ಬೇರೆ ಪತ್ರವೇ ಸರಿ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ನಿಜಕ್ಕೂ ಕಿರುಕುಳ ಕೊಟ್ಟು, ಒತ್ತಡ ಹಾಕಿ ಬಿಡಿಸುತ್ತಿದ್ದರೆ "ಸ್ವಇಚ್ಛೆಯಿಂದ" ಅಂತ ಬರೆಯಬೇಡಿ. ವಕೀಲರನ್ನು ಕೇಳುವವರೆಗೆ ಪತ್ರವನ್ನೇ ಕೊಡಬೇಡಿ, ಏಕೆಂದರೆ ಆ ಒಂದು ಪದ ನಾಳೆ ನಿಮ್ಮ ದೂರಿಗೇ ಅಡ್ಡ ಬರಬಹುದು. ಗೆಳತಿಗೆ ಹಾಗೇನೂ ಇರಲಿಲ್ಲ. ಬೇಸತ್ತು ತಾವಾಗಿಯೇ ಬಿಡುತ್ತಿದ್ದರು, ಕಾರಣಕ್ಕೆ "ವೈಯಕ್ತಿಕ" ಅನ್ನುವ ಪದ ಸಾಕಾಯಿತು.

ಕೊನೆಗೆ ಪತ್ರ ಹೀಗಾಯಿತು:

"ದಿನಾಂಕ: 05-01-2026

ಇವರಿಗೆ,
ಕಾರ್ಯದರ್ಶಿಗಳು, ಆಡಳಿತ ಮಂಡಳಿ
(ಮುಖ್ಯ ಶಿಕ್ಷಕರ ಮೂಲಕ)

ಮಾನ್ಯರೇ,

ವಿಷಯ: ಗಣಿತ ಶಿಕ್ಷಕಿ ಹುದ್ದೆಗೆ ರಾಜೀನಾಮೆ.

ನಾನು 03-06-2019ರಿಂದ ತಮ್ಮ ಶಾಲೆಯಲ್ಲಿ ಗಣಿತ ಶಿಕ್ಷಕಿಯಾಗಿ ಸೇವೆ ಸಲ್ಲಿಸುತ್ತಿದ್ದೇನೆ. ವೈಯಕ್ತಿಕ ಕಾರಣಗಳಿಂದ ಈ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ. ನೇಮಕಾತಿ ಆದೇಶದಂತೆ ಈ ಪತ್ರವನ್ನು 30 ದಿನಗಳ ನೋಟಿಸ್ ಎಂದು ಪರಿಗಣಿಸಬೇಕು. 04-02-2026 ನನ್ನ ಸೇವೆಯ ಕೊನೆಯ ದಿನವಾಗಿರುತ್ತದೆ.

ಅಷ್ಟರೊಳಗೆ ಹತ್ತನೇ ತರಗತಿಯ ಉಳಿದ ಪಾಠಗಳನ್ನು ಮುಗಿಸಿ, ಅಂಕಪಟ್ಟಿಗಳನ್ನು ತಾವು ಸೂಚಿಸುವ ಶಿಕ್ಷಕರಿಗೆ ಒಪ್ಪಿಸುತ್ತೇನೆ. ಆ ದಿನ ನನ್ನನ್ನು ಕರ್ತವ್ಯದಿಂದ ಬಿಡುಗಡೆ ಮಾಡಿ, ಅನುಭವ ಪ್ರಮಾಣಪತ್ರ ನೀಡಬೇಕೆಂದು ಕೋರುತ್ತೇನೆ. ಇಲ್ಲಿ ಕಲಿಸಲು ಅವಕಾಶ ಕೊಟ್ಟಿದ್ದಕ್ಕೆ ಧನ್ಯವಾದಗಳು.

ತಮ್ಮ ವಿಶ್ವಾಸಿ,
(ಸಹಿ)"

ಎರಡು ಪ್ರತಿ ತೆಗೆಯಿರಿ. ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ಸಹಿ, ಸೀಲು, ತಾರೀಖು ಹಾಕಿಸಿಕೊಳ್ಳಿ. "ಆಮೇಲೆ ಕೊಡ್ತೀವಿ" ಅಂದರೆ ಅದೇ ದಿನ ಇಮೇಲ್ ಕಳಿಸಿ, ಅಂಚೆಯಲ್ಲೂ ತಲುಪಿದ್ದಕ್ಕೆ ರಸೀದಿ ಸಿಗುವ ಹಾಗೆ ಹಾಕಿ. 30 ದಿನದ ಎಣಿಕೆ ಶುರುವಾಗುವುದು ಪತ್ರ ಅವರ ಕೈ ಸೇರಿದ ಮರುದಿನದಿಂದ, ನೀವು ಬರೆದ ದಿನದ ಲೆಕ್ಕದಿಂದಲ್ಲ. ತಲುಪುವುದು ತಡವಾದರೆ ಕೊನೆಯ ದಿನವೂ ಮುಂದೆ ಹೋಗುತ್ತದೆ.